ಒಂದು ಡಿಸೈನು, ಹದಿನೈದು ಕೋಡು: ಜೀನ್ಸ್ ಪ್ಯಾಂಟಿಗೆ ಎಸ್‌ಕೆಯು ಕೊಡುವ ಕ್ರಮ

ದೀಪಾವಳಿಗೆ ಇನ್ನು ಹತ್ತು ದಿನ ಇರುವಾಗ ನಮ್ಮ ಗೋಡೌನಿನ ಸ್ಟಾಕ್ ಪಟ್ಟಿಯಲ್ಲಿ `1.02E+35` ಅನ್ನೋ ಹೆಸರಿನ ಪ್ಯಾಂಟು ಕಾಣಿಸಿಕೊಂಡಿತು. ಅದೂ ಒಂದು ಸಾಲಲ್ಲ, ಎರಡು ಸಾಲು. ಒಂದರ ಮುಂದೆ 64 ಪೀಸ್, ಇನ್ನೊಂದರ ಮುಂದೆ 41. ಯಾವುದು ಯಾವ ಡಿಸೈನು ಅಂತ ಪಟ್ಟಿ ನೋಡಿ ಹೇಳೋಕೆ ದಾರಿಯೇ ಇರಲಿಲ್ಲ.

ಆಗ ನಾವು ಕೋಡ್ ಬರೆಯುತ್ತಿದ್ದ ರೀತಿ ಸರಳವಾಗಿತ್ತು: ಡಿಸೈನ್ ನಂಬರು, ಬಣ್ಣಕ್ಕೆ ಒಂದು ಅಕ್ಷರ, ಆಮೇಲೆ ಸೈಜು. ಎಲೆಕ್ಟ್ರಿಕ್ ಬ್ಲೂ ಬಣ್ಣಕ್ಕೆ `E` ಇಟ್ಟಿದ್ದೆವು. ಹಾಗಾಗಿ 1023ನೇ ಡಿಸೈನಿನ 32 ಸೈಜು `1023E32`, 1024ನೇ ಡಿಸೈನಿನದು `1024E32`. ಎಕ್ಸೆಲ್‌ಗೆ ಇದು ಪ್ಯಾಂಟಿನ ಕೋಡ್ ಅಂತ ಹೇಗೆ ಗೊತ್ತಾಗಬೇಕು? ಅಂಕಿಗಳ ನಡುವೆ `E` ಕಂಡರೆ ಅದು ಲೆಕ್ಕದ ಭಾಷೆಯಲ್ಲಿ ಓದಿಕೊಳ್ಳುತ್ತದೆ: 1023ರ ಮುಂದೆ 32 ಸೊನ್ನೆ. ತೋರಿಸುವಾಗ ಎರಡೇ ದಶಮಾಂಶಕ್ಕೆ ಮೊಟಕು ಮಾಡುತ್ತದೆ. ಹೀಗೆ ಎರಡು ಡಿಸೈನೂ `1.02E+35` ಆದವು. ಅದನ್ನು ನಾನೇ ಸಿಎಸ್‌ವಿ ಫೈಲಾಗಿ ಸೇವ್ ಮಾಡಿ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಹಾಕಿದ್ದೆ. ಸಿಎಸ್‌ವಿಯಲ್ಲಿ ಉಳಿಯುವುದು ಪರದೆಯ ಮೇಲೆ ಕಂಡದ್ದು ಮಾತ್ರ, ಮೂಲ ನಂಬರು ಹೋಯಿತು. ಕೊನೆಗೆ ನಾನು ಮತ್ತು ಗೋಡೌನಿನ ಹುಡುಗರು ನೆಲದ ಮೇಲೆ ಕೂತು ಹಿಂದಿನ ಜೇಬಿನ ಹೊಲಿಗೆ ನೋಡಿ ನೋಡಿ ಬೇರೆ ಮಾಡಿದೆವು. ಎರಡು ದಿನ ಹಿಡಿಯಿತು.

ಅದಾದ ಮೇಲೆ ಕೋಡನ್ನು ಮೊದಲಿಂದ ಕಟ್ಟಿದೆವು. ಬಳ್ಳಾರಿಯಲ್ಲಿ ನಮ್ಮ ಹಾಗೆ ಹತ್ತು-ಹದಿನೈದು ಮಷೀನ್ ಇಟ್ಟುಕೊಂಡು ಸ್ವಂತ ಲೇಬಲ್ ಹಚ್ಚಿ ಮಾರುವವರು ಬಹಳ ಇದ್ದಾರೆ. ಅವರಿಗೆ ನೇರವಾಗಿ ಉಪಯೋಗವಾಗಲಿ ಅಂತ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಯಾವುದಕ್ಕೆ ಬೇರೆ ಕೋಡ್ ಬೇಕು?

ಎಸ್‌ಕೆಯು ಅಂದರೆ ಸ್ಟಾಕಿನಲ್ಲಿ ಪ್ರತ್ಯೇಕವಾಗಿ ಎಣಿಸಬೇಕಾದ ಒಂದು ಬಗೆಯ ಸಾಮಾನಿಗೆ ನಾವೇ ಇಟ್ಟುಕೊಳ್ಳುವ ಗುರುತು. ಪ್ರತಿ ಪೀಸಿಗೂ ಒಂದಲ್ಲ, ಪ್ರತಿ ಬಗೆಗೆ ಒಂದು. ಎರಡು ಪ್ಯಾಂಟುಗಳಿಗೆ ಬೇರೆ ಕೋಡ್ ಬೇಕೋ ಬೇಡವೋ ಅನ್ನೋದಕ್ಕೆ ನಾನು ಬಳಸುವ ಪರೀಕ್ಷೆ ಇಷ್ಟೇ: ಗಿರಾಕಿ ಇದನ್ನು ಕೇಳಿದಾಗ ಅದನ್ನು ಕಳಿಸಿದರೆ ವಾಪಸ್ ಬರುತ್ತದೆಯೇ? 32 ಕೇಳಿದವರಿಗೆ 34 ಕಳಿಸಿದರೆ ವಾಪಸ್ ಬರುತ್ತದೆ, ಹಾಗಾಗಿ ಬೇರೆ ಕೋಡ್. ಡಾರ್ಕ್ ಬ್ಲೂ ಕೇಳಿದವರಿಗೆ ಐಸ್ ಬ್ಲೂ ಕಳಿಸಿದರೂ ವಾಪಸ್ ಬರುತ್ತದೆ, ಬೇರೆ ಕೋಡ್. ಜಿಪ್ಪು ಈ ಸಲ ಬೇರೆ ಕಂಪನಿಯದು ಹಾಕಿದ್ದೀರಿ, ಯಾರೂ ಕೇಳುವುದಿಲ್ಲ. ಅದಕ್ಕೆ ಹೊಸ ಕೋಡ್ ಬೇಡ.

ನಮ್ಮ ಕಸುಬಿನಲ್ಲಿ ಈ ಪರೀಕ್ಷೆ ತಡವರಿಸುವುದು ಒಂದೇ ಕಡೆ, ವಾಶಿಂಗಿನಲ್ಲಿ. ಸೋಮವಾರ ಹೋದ ಡಾರ್ಕ್ ಬ್ಲೂ ಲಾಟಿಗೂ ಗುರುವಾರ ಹೋದ ಡಾರ್ಕ್ ಬ್ಲೂ ಲಾಟಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೆಲ್ಲ ಹೊಸ ಶೇಡ್ ಕೋಡ್ ಕೊಡುತ್ತಾ ಹೋದರೆ ಆರು ತಿಂಗಳಲ್ಲಿ ನಿಮ್ಮ ಬಳಿ ನಲವತ್ತು ನೀಲಿ ಇರುತ್ತವೆ. ನಾವು ಪ್ರತಿ ಶೇಡಿಗೆ ಒಪ್ಪಿಗೆಯಾದ ಒಂದು ಸ್ಯಾಂಪಲ್ ಪ್ಯಾಂಟಿನ ಕಾಲು ಕತ್ತರಿಸಿ ಕಪಾಟಿನಲ್ಲಿ ಇಟ್ಟಿದ್ದೇವೆ. ಬಂದ ಲಾಟನ್ನು ಅದರ ಪಕ್ಕ ಹಗಲು ಬೆಳಕಲ್ಲಿ ಹಿಡಿದು ನೋಡುವುದು. ಹತ್ತಿರ ಇದ್ದರೆ ಅದೇ ಕೋಡ್, ವ್ಯತ್ಯಾಸವನ್ನು ಲಾಟ್ ನಂಬರಾಗಿ ಟ್ಯಾಗಿನ ಕೆಳಗೆ ಬೇರೆಯಾಗಿ ಬರೆಯುತ್ತೇವೆ. ಒಂದು ಅಂಗಡಿಗೆ ಹೋಗುವ ಮಾಲು ಒಂದೇ ಲಾಟಿನದಾಗಿರಲಿ ಅಂತ ನೋಡಿಕೊಳ್ಳೋಕೆ ಅದು ಸಾಕು. ಲಾಟ್ ನಂಬರು ಕೋಡಿನ ಒಳಗೆ ಹೋಗಬಾರದು.

ಕೋಡಿನ ಆಕಾರ

ನಮ್ಮ ಕೋಡ್ ಹೀಗಿದೆ:

```
M104-DK-32
```

ಮೊದಲ ಅಕ್ಷರ ಯಾರಿಗೆ ಅನ್ನುವುದು: ಗಂಡಸರಿಗೆ `M`, ಹೆಂಗಸರಿಗೆ `W`, ಮಕ್ಕಳಿಗೆ `K`. ಲೇಡೀಸ್ ಅಂತ `L` ಇಡಬಹುದಿತ್ತು, ಆದರೆ ಸಣ್ಣಕ್ಷರದಲ್ಲಿ ಬರೆದಾಗ ಅದು ಒಂದರ ಅಂಕಿಯಂತೆ ಕಾಣುತ್ತದೆ. ಆಮೇಲೆ ಬರುವ ಮೂರು ಅಂಕಿ ಡಿಸೈನ್ ನಂಬರು. ಅದಕ್ಕೆ ಬೇರೆ ಅರ್ಥವಿಲ್ಲ, 101ರಿಂದ ಶುರುವಾಗಿ ಸಾಲಾಗಿ ಹೋಗುತ್ತದೆ. ಸ್ಲಿಮ್ ಫಿಟ್, ಆಂಕಲ್ ಫಿಟ್, ಮಂಡಿ ಹರಿದದ್ದು, ಬಟ್ಟೆ ಎಷ್ಟು ಔನ್ಸಿನದು, ಇವೆಲ್ಲ ಡಿಸೈನ್ ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಇರುತ್ತವೆ. ಇವನ್ನೂ ಕೋಡಿಗೆ ತುರುಕಬೇಕು ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ತುರುಕಿದರೆ ಕೋಡ್ ಇಪ್ಪತ್ತು ಅಕ್ಷರದ್ದಾಗುತ್ತದೆ, ಗೋಡೌನಿನಲ್ಲಿ ಯಾರೂ ಅದನ್ನು ಪೂರ್ತಿ ಓದುವುದಿಲ್ಲ, ಕೊನೆಯ ನಾಲ್ಕು ಅಕ್ಷರ ನೋಡಿ ಮಾಲು ಎತ್ತುತ್ತಾರೆ.

ನಡುವಿನ ಎರಡು ಅಕ್ಷರ ಶೇಡ್. ಕೊನೆಯ ಎರಡು ಅಂಕಿ ಸೊಂಟದ ಸೈಜು, ಲೇಬಲ್ಲಿನ ಮೇಲೆ ಏನಿದೆಯೋ ಅದೇ. ವಾಶಿಂಗಿನಲ್ಲಿ ಬಟ್ಟೆ ಕುಗ್ಗುತ್ತದೆ ಅಂತ ಕಟಿಂಗ್ ಮಾಸ್ಟರ್ ದೊಡ್ಡದಾಗಿಯೇ ಕತ್ತರಿಸಿರುತ್ತಾರೆ. ಆ ಅಳತೆ ಅವರ ಪ್ಯಾಟರ್ನಿಗೆ ಸೇರಿದ್ದು, ಕೋಡಿಗಲ್ಲ.

ಶೇಡ್ ಮೊದಲು, ಸೈಜು ಕೊನೆಗೆ ಯಾಕೆ? ಪಟ್ಟಿಯನ್ನು ಕೋಡಿನ ಮೇಲೆ ಜೋಡಿಸಿದಾಗ ಒಂದು ಶೇಡಿನ 28ರಿಂದ 36ರವರೆಗೆ ಒಟ್ಟಿಗೆ ಸಾಲಾಗಿ ಬರುತ್ತವೆ. ಸೆಟ್ ಪೂರ್ತಿ ಇದೆಯೋ, ನಡುವೆ ಯಾವ ಸೈಜು ಮುರಿದಿದೆಯೋ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಸಗಟು ವ್ಯಾಪಾರದಲ್ಲಿ ನಮಗೆ ಬೇಕಾಗಿರುವುದು ಅದೇ. ನಿಮ್ಮಲ್ಲಿ ಒಂದೇ ಸೊಂಟಕ್ಕೆ ಎರಡು ಉದ್ದ ಇದ್ದರೆ ಸೈಜಿನ ಜಾಗವನ್ನು ಮೊದಲ ದಿನದಿಂದಲೇ ನಾಲ್ಕು ಅಂಕಿ ಮಾಡಿ: ಸೊಂಟ 32, ಉದ್ದ 34 ಆದರೆ `3234`. ಕೆಲವಕ್ಕೆ ಎರಡು ಅಂಕಿ, ಕೆಲವಕ್ಕೆ ನಾಲ್ಕು ಅಂತ ಮಾತ್ರ ಮಾಡಬೇಡಿ. ಡೆನಿಮ್ ಶರ್ಟನ್ನೂ ಮಾಡುವವರು `M`, `L`, `XL` ಬದಲು ಎದೆಯಳತೆ 38, 40, 42 ಅಂತಲೇ ಇಟ್ಟರೆ ಒಳ್ಳೆಯದು. ಅಕ್ಷರದ ಸೈಜುಗಳು ಪಟ್ಟಿಯಲ್ಲಿ ಅಕಾರಾದಿಯಾಗಿ ನಿಲ್ಲುತ್ತವೆ, `L` ಮೊದಲು ಬಂದು `M` ಆಮೇಲೆ ಬರುತ್ತದೆ.

ಈ ಆಕಾರದ ಒಂದು ಲಾಭ ನನಗೆ ಆಮೇಲೆ ಗೊತ್ತಾಯಿತು. ಶೇಡಿನ ಜಾಗದಲ್ಲಿ ಬರೀ ಅಕ್ಷರ, ಸೈಜಿನ ಜಾಗದಲ್ಲಿ ಬರೀ ಅಂಕಿ ಅಂತ ಗಟ್ಟಿ ಮಾಡಿಕೊಂಡರೆ ಕೈಬರಹದ ಗೊಂದಲ ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಚೀಟಿಯಲ್ಲಿ `M8` ಅಂತ ಕಂಡರೂ ಶೇಡಿನ ಜಾಗದಲ್ಲಿ ಎಂಟು ಬರೋಕೆ ಸಾಧ್ಯವಿಲ್ಲ, ಅದು `MB`. ಆದರೂ `O`, `I`, `S`, `Z` ಅಕ್ಷರಗಳನ್ನು ನಾವು ಎಲ್ಲೂ ಬಳಸುವುದಿಲ್ಲ.

ಶೇಡಿನ ಪಟ್ಟಿಯನ್ನು ಫೋನಿನಲ್ಲಿ ಪರೀಕ್ಷೆ ಮಾಡಿ

ಪಟ್ಟಿಯನ್ನು ಟೇಬಲ್ ಮೇಲೆ ಕೂತು ಮಾಡಿದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. ನಾನು ಡಾರ್ಕ್ ಬ್ಲೂಗೆ `DK`, ಕಪ್ಪಿಗೆ `BK` ಇಟ್ಟಿದ್ದೆ. ಮಷೀನುಗಳ ಸದ್ದಿನ ನಡುವೆ ಗೋಡೌನಿಗೆ ಫೋನ್ ಮಾಡಿ ಹೇಳಿದರೆ ಆ ಕಡೆಯಿಂದ, "ಅಕ್ಕಾ, ಬೀಕೆ ಅಂದ್ರ್ಯಾ, ಡೀಕೆ ಅಂದ್ರ್ಯಾ?" ಮೂರು ಸಲ ಹೇಳಿದ ಮೇಲೂ ಬಂದದ್ದು ತಪ್ಪು ಬಂಡಲ್ಲು. ನಮ್ಮಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮಾತಾಡುವವರಿದ್ದಾರೆ. ಇಂಗ್ಲಿಷ್ ಅಕ್ಷರದ ಉಚ್ಚಾರ ಒಬ್ಬೊಬ್ಬರದು ಒಂದೊಂದು ಥರ. ಕಪ್ಪನ್ನು `JT` ಮಾಡಿದೆವು, ಜೆಟ್ ಬ್ಲ್ಯಾಕ್‌ನಿಂದ. ಈಗ ಪಟ್ಟಿ ಇಷ್ಟು:

`DK` ಡಾರ್ಕ್ ಬ್ಲೂ, `MB` ಮಿಡ್ ಬ್ಲೂ, `LT` ಐಸ್ ಬ್ಲೂ, `CR` ಕಾರ್ಬನ್, `JT` ಕಪ್ಪು.

ಯಾವ ಎರಡನ್ನು ತೆಗೆದುಕೊಂಡರೂ ಎರಡೂ ಅಕ್ಷರ ಬೇರೆ ಬೇರೆ ಇರುವಂತೆ ನೋಡಿ. ಒಂದು ಅಕ್ಷರ ತಪ್ಪಾಗಿ ಕೇಳಿದರೂ ಇನ್ನೊಂದು ಕಾಪಾಡುತ್ತದೆ. ನಮ್ಮ ಪಟ್ಟಿಯಲ್ಲಿ `LT` ಮತ್ತು `JT` ಈ ನಿಯಮ ಮುರಿಯುತ್ತವೆ, ಒಪ್ಪಿಕೊಳ್ಳುತ್ತೇನೆ. ಎಲ್ ಮತ್ತು ಜೆ ಕಿವಿಗೆ ದೂರ ಇವೆ ಅಂತ ಬಿಟ್ಟಿದ್ದೇವೆ, ಇಲ್ಲಿವರೆಗೂ ತೊಂದರೆಯಾಗಿಲ್ಲ. ಪಟ್ಟಿ ಒಂದೇ ಕಡೆ ಇರಲಿ, ಹೊಸ ಶೇಡ್ ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ. ನಮ್ಮಲ್ಲಿ ಅದು ನನ್ನದು. ಮೈದುನನಿಗೆ ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ.

ಬಣ್ಣ ಬರುವ ಮುಂಚೆ ಏನು ಮಾಡುವುದು?

ಬೇರೆ ಊರಿನ ಬಟ್ಟೆ ವ್ಯಾಪಾರಿಗಳಿಗೆ ಈ ತೊಡಕಿಲ್ಲ, ಜೀನ್ಸ್ ಮಾಡುವವರಿಗೆ ಇದೆ. ಟಿ-ಶರ್ಟಾದರೆ ಬಟ್ಟೆ ಬಣ್ಣದ್ದೇ ಇರುತ್ತದೆ, ಕತ್ತರಿಸಿದ ದಿನವೇ ಪೂರ್ತಿ ಕೋಡ್ ಕೊಡಬಹುದು. ನಮ್ಮದು ಹಾಗಲ್ಲ. ಒಂದೇ ಗಾಢ ಇಂಡಿಗೋ ಥಾನಿನಿಂದ ಕತ್ತರಿಸಿ, ಹೊಲಿಸಿ, ಆಮೇಲೆ ಮುಂಡರಗಿ ಕೈಗಾರಿಕಾ ಪ್ರದೇಶದ ವಾಶಿಂಗ್ ಯೂನಿಟ್ಟಿಗೆ ಕಳಿಸಿದಾಗಲೇ ಅದು ಡಾರ್ಕ್ ಬ್ಲೂನೋ ಐಸ್ ಬ್ಲೂನೋ ಆಗುವುದು. ಹೊಲಿಗೆಯಲ್ಲಿರುವಾಗ ಡಿಸೈನು ಗೊತ್ತು, ಸೈಜು ಗೊತ್ತು, ಬಣ್ಣ ಗೊತ್ತಿಲ್ಲ.

ಇದಕ್ಕೆ ಶೇಡಿನ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಕೋಡಿನ ಉದ್ದ ಬದಲಾಗುತ್ತದೆ, ಯಾರೋ ಒಬ್ಬರು ತಮಗೆ ತೋಚಿದ್ದನ್ನು ತುಂಬುತ್ತಾರೆ. ನಾವು ಅಲ್ಲಿ `RW` ಇಡುತ್ತೇವೆ, ಅಂದರೆ ವಾಶ್ ಆಗದ ರಾ ಮಾಲು. ಕಟಿಂಗ್ ಆದ ಬಂಡಲ್ಲಿಗೆ `M104-RW-32` ಚೀಟಿ. ವಾಶಿಂಗಿಗೆ ಹೋಗುವ ಚಲನ್ನಿನಲ್ಲೂ ಅದೇ ಕೋಡ್, ಪಕ್ಕದಲ್ಲಿ ಯಾವ ಶೇಡಿಗೆ ಎಷ್ಟು ಪೀಸ್ ಅಂತ. ವಾಪಸ್ ಬಂದು ಎಣಿಸಿದ ಮೇಲೆ `RW` ಕಡಿಮೆಯಾಗುತ್ತದೆ, `DK` ಅಥವಾ `LT` ಹೆಚ್ಚಾಗುತ್ತದೆ.

ಇದರಿಂದ ನಮಗೆ ಸಿಕ್ಕ ಇನ್ನೊಂದು ಉಪಕಾರ: `RW`ನಲ್ಲಿ ಉಳಿದ ಪೀಸ್ ಎಂದರೆ ಇನ್ನೂ ಬಾರದ ಮಾಲು. ಒಂದು ಸಲ `M104-RW-34` 60 ಕಳಿಸಿದ್ದೆವು. `DK` 30, `LT` 27 ಬಂದು ಸೇರಿದವು. `RW` ಸಾಲಿನಲ್ಲಿ 3 ಹಾಗೇ ನಿಂತಿತ್ತು. ಮೊದಲಾಗಿದ್ದರೆ ಸೀಸನ್ ಮುಗಿದ ಮೇಲೆ ಗೊತ್ತಾಗುತ್ತಿತ್ತು. ಅವತ್ತೇ ಫೋನ್ ಮಾಡಿದ್ದಕ್ಕೆ ಇನ್ನೊಬ್ಬರ ಮಾಲಿನ ಜೊತೆ ಸೇರಿಕೊಂಡಿದ್ದ ಮೂರೂ ಪ್ಯಾಂಟು ಸಿಕ್ಕವು.

ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವುದು

104ನೇ ಡಿಸೈನನ್ನೇ ತೆಗೆದುಕೊಳ್ಳೋಣ. ಮೂರು ಶೇಡು: `DK`, `LT`, `CR`. ಐದು ಸೈಜು: 28, 30, 32, 34, 36. ಮೂರೈದ್ಲಿ ಹದಿನೈದು ಕೋಡು. ಹದಿನೈದನ್ನೂ ಕೈಯಲ್ಲಿ ಟೈಪ್ ಮಾಡಬೇಡಿ. ತಪ್ಪಾಗುವುದು ಅಲ್ಲೇ.

ಹೊಸ ಶೀಟ್ ತೆರೆದು, ಏನೂ ಬರೆಯುವ ಮುಂಚೆ A, B, C ಮೂರು ಕಾಲಮ್ಮನ್ನು ಆಯ್ಕೆ ಮಾಡಿ ಫಾರ್ಮ್ಯಾಟನ್ನು `Text` ಮಾಡಿ. ಬರೆದ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ಕಳೆದುಹೋದ ಸೊನ್ನೆ ವಾಪಸ್ ಬರುವುದಿಲ್ಲ. ಮಕ್ಕಳ ಪ್ಯಾಂಟಿಗೆ ಆರು ವರ್ಷದ ಸೈಜನ್ನು `06` ಅಂತ ಇಡುವವರಿಗೆ ಇದು ಮುಖ್ಯ. ಮೊದಲ ಸಾಲು ತಲೆಬರಹಕ್ಕೆ. ಎರಡನೇ ಸಾಲಿನಿಂದ A ಕಾಲಮ್ಮಿನಲ್ಲಿ `M104`, Bಯಲ್ಲಿ ಶೇಡು, Cಯಲ್ಲಿ ಸೈಜು. D ಕಾಲಮ್ಮಿಗೆ `Text` ಬೇಡ, ಅಲ್ಲಿ ಸೂತ್ರ ಕೂರಬೇಕು:

```
=A2&"-"&B2&"-"&C2
```

ಇದನ್ನು ಕೆಳಗಿನವರೆಗೆ ಎಳೆದರೆ ಹದಿನೈದೂ ಕೋಡು ಬರುತ್ತವೆ. E ಕಾಲಮ್ಮಿನಲ್ಲಿ ಒಂದೇ ಕೋಡ್ ಎರಡು ಸಲ ಬಂದಿದೆಯೇ ಅಂತ ನೋಡುವುದು, Fನಲ್ಲಿ ಉದ್ದ ನೋಡುವುದು:

```
=COUNTIF($D$2:$D$1000,D2)
=LEN(D2)
```

E ಎಲ್ಲಾ ಕಡೆ 1 ಇರಬೇಕು, F ಎಲ್ಲಾ ಕಡೆ 10 ಇರಬೇಕು. ಉದ್ದದ ಪರೀಕ್ಷೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಶೇಡ್ ಟೈಪ್ ಮಾಡುವಾಗ ಬೆರಳು ತಾಗಿ `DK` ಮುಂದೆ ಒಂದು ಸ್ಪೇಸ್ ಬಿದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಸಾಫ್ಟ್‌ವೇರಿಗೆ ಅದು ಬೇರೆಯೇ ಮಾಲು. F ಕಾಲಮ್ಮು 11 ತೋರಿಸಿದ ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು ಎಚ್ಚರ. ಡಿಸೈನಿಗೆ ನಂಬರಿನ ಬದಲು ಮೂರಕ್ಷರದ ಹೆಸರಿಡುವವರು `MAR`, `DEC` ಥರದ್ದನ್ನು ದೂರ ಇಡಿ. `MAR-28` ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮಾರ್ಚ್ ತಿಂಗಳ ತಾರೀಖು ಮಾಡಿಬಿಡುತ್ತದೆ. ಸಿಎಸ್‌ವಿ ಫೈಲನ್ನು ನೋಡೋಣ ಅಂತ ಎಕ್ಸೆಲ್‌ನಲ್ಲೇ ತೆರೆದು ಮತ್ತೆ ಸೇವ್ ಮಾಡುವ ಅಭ್ಯಾಸವೂ ಬೇಡ. `Text` ಫಾರ್ಮ್ಯಾಟ್ ಸಿಎಸ್‌ವಿಯಲ್ಲಿ ಉಳಿಯುವುದಿಲ್ಲ, ತೆರೆದಾಗಲೆಲ್ಲ ಎಕ್ಸೆಲ್ ಹೊಸದಾಗಿ ಊಹಿಸುತ್ತದೆ.

ಹೊಲಿಸದೇ ಇರುವ ಸೈಜಿಗೆ ಮುಂಗಡವಾಗಿ ಕೋಡ್ ಮಾಡಿಟ್ಟುಕೊಳ್ಳಬೇಡಿ. 38 ಮತ್ತು 40 ಮುಂದೆ ಮಾಡಿದರೆ ಆಗ ಎರಡು ಸಾಲು ಸೇರಿಸಿದರಾಯಿತು.

ಸೆಟ್ಟಿನ ಲೆಕ್ಕ

ಬಿಡಿ ಪೀಸ್ ಮಾರುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಸಗಟಿನಲ್ಲಿ ನಾವು ಕೊಡುವುದು ಸೆಟ್. ನಮ್ಮ ಸಾಮಾನ್ಯ ಸೆಟ್ಟಿನಲ್ಲಿ 28 ಒಂದು, 30 ಎರಡು, 32 ಎರಡು, 34 ಎರಡು, 36 ಒಂದು, ಒಟ್ಟು 8 ಪೀಸ್. ಇದಕ್ಕೆ ಸೈಜಿನ ಜಾಗದಲ್ಲಿ `A8` ಇಟ್ಟಿದ್ದೇವೆ: `M104-DK-A8`. `A` ಅಂದರೆ ಈ ಅನುಪಾತ, 8 ಅಂದರೆ ಪೀಸ್ ಸಂಖ್ಯೆ. ಸೈಜಿನ ಜಾಗದಲ್ಲಿ ಅಕ್ಷರ ಬರುವುದು ಇದೊಂದೇ ಸಂದರ್ಭದಲ್ಲಿ, ಹಾಗಾಗಿ ನೋಡಿದ ಕೂಡಲೇ ಇದು ಸೆಟ್ ಅಂತ ಗೊತ್ತಾಗುತ್ತದೆ.

ತಪ್ಪಾಗುವುದು ಸೆಟ್ ಕಟ್ಟುವಾಗ ಮತ್ತು ಬಿಚ್ಚುವಾಗ. ಕಟ್ಟಿದ 10 ಸೆಟ್ಟನ್ನು `A8` ಸಾಲಿಗೆ ಸೇರಿಸಿದರು, ಬಿಡಿ ಪೀಸಿನ ಸಾಲುಗಳಿಂದ 80 ಪೀಸ್ ಕಳೆಯಲಿಲ್ಲ ಅಂದುಕೊಳ್ಳಿ. ಅದೇ ಮಾಲು ಎರಡು ಕಡೆ ಕಾಣಿಸುತ್ತದೆ, ಇಲ್ಲದ ಮಾಲನ್ನು ಮಾರಿ ಗಿರಾಕಿಯ ಬಾಯಿಗೆ ಬೀಳುತ್ತೀರಿ. ಕಟ್ಟಿದರೆ ಐದೂ ಸೈಜಿನಿಂದ ಕಳೆಯಬೇಕು, ಬಿಚ್ಚಿದರೆ ಐದಕ್ಕೂ ಕೂಡಿಸಬೇಕು. ನಾವು ಕಟ್ಟುವ ಟೇಬಲ್ಲಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಸಂಜೆ ಅದನ್ನು ನೋಡಿ ನಾನು ಎಂಟ್ರಿ ಮಾಡುತ್ತೇನೆ. ನೋಟ್‌ಬುಕ್ ಇಲ್ಲದೆ ಮಾಡಿದ ವಾರಗಳಲ್ಲಿ ಲೆಕ್ಕ ಒಮ್ಮೆಯೂ ಕೂಡಿಬಂದಿಲ್ಲ.

ಕೋಡಿನೊಳಗೆ ಬರಬಾರದ್ದು

ರೇಟು. ಟ್ಯಾಕ್ಸು. ವರ್ಷ. ಸಪ್ಲೈಯರ್ ಹೆಸರು. ಬದಲಾಗಬಹುದಾದ ಯಾವುದೂ ಬೇಡ.

ನನ್ನ ಪರಿಚಯದ ಒಬ್ಬ ವ್ಯಾಪಾರಿ ಕೋಡಿನ ಕೊನೆಗೆ ಜಿಎಸ್‌ಟಿ ದರ ಸೇರಿಸಿದ್ದರು, ಬಿಲ್ ಮಾಡುವ ಹುಡುಗನಿಗೆ ಸುಲಭ ಆಗಲಿ ಅಂತ. ಆಗ 1,000 ರೂಪಾಯಿ ದಾಟಿದ ಪೀಸಿಗೆ ಶೇಕಡಾ 12, ಅದರ ಒಳಗಿದ್ದರೆ 5. 2025ರ ಸೆಪ್ಟೆಂಬರ್ 22ರಿಂದ ಆ ಗೆರೆ 2,500 ರೂಪಾಯಿಗೆ ಹೋಯಿತು. ಅಲ್ಲಿಯವರೆಗೆ 5, ಅದರ ಮೇಲೆ 18. 1,099 ರೂಪಾಯಿಯ ಪ್ಯಾಂಟಿನ ಕೋಡಿನಲ್ಲಿ 12 ಅಂತ ಅಚ್ಚಾಗಿ ಕೂತಿತ್ತು, ಬಿಲ್ಲಿನಲ್ಲಿ 5 ಹಾಕಬೇಕು. ಲೇಬಲ್ಲುಗಳ ರೋಲು ಪೂರ್ತಿ ದಂಡ. ಟ್ಯಾಕ್ಸು, ರೇಟು, ಎಚ್‌ಎಸ್‌ಎನ್ ನಂಬರು ಎಲ್ಲ ಬೇರೆ ಬೇರೆ ಕಾಲಮ್ಮಿನಲ್ಲಿ ಇರಲಿ. ಗಂಡಸರ ಪ್ಯಾಂಟಿನ ಎಚ್‌ಎಸ್‌ಎನ್ 6203ರಲ್ಲಿ, ಹೆಂಗಸರದು 6204ರಲ್ಲಿ ಬರುತ್ತದೆ.

ದೊಡ್ಡ ಅಂಗಡಿಯವರು 13 ಅಂಕಿಯ ಬಾರ್‌ಕೋಡ್ ಕೇಳಿದರೆ ಅದು ಈ ಕೋಡಲ್ಲ. 890ರಿಂದ ಶುರುವಾಗುವ ಆ ನಂಬರನ್ನು ಜಿಎಸ್‌1 ಇಂಡಿಯಾದಿಂದ ಪಡೆಯಬೇಕು, ನಾವೇ ಸೃಷ್ಟಿಸುವ ಹಾಗಿಲ್ಲ. ಅದಕ್ಕೂ ಒಂದು ಕಾಲಮ್ಮು. ನಮ್ಮ ಒಳಗಿನ ಬಳಕೆಗೆ `M104-DK-32` ಅನ್ನೇ ಕೋಡ್ 128 ಬಗೆಯ ಬಾರ್‌ಕೋಡಾಗಿ ಪ್ರಿಂಟ್ ಮಾಡಬಹುದು, ಅದು ಅಕ್ಷರಗಳನ್ನೂ ಹಿಡಿಸುತ್ತದೆ. ಬಾರ್‌ಕೋಡಿನ ಕೆಳಗೆ ಕೋಡು ಓದುವ ಹಾಗೆ ಅಚ್ಚಾಗಿರಲಿ. ಸ್ಕ್ಯಾನರ್ ಕೈಕೊಡುವ ದಿನ ಇದ್ದೇ ಇರುತ್ತದೆ.

ಹಳೇ ಕೋಡಿನಿಂದ ಹೊಸದಕ್ಕೆ

ಅರ್ಧ ಮಾಲಿಗೆ ಹಳೇದು, ಅರ್ಧಕ್ಕೆ ಹೊಸದು ಅಂತ ನಿಧಾನಕ್ಕೆ ಬದಲಾಯಿಸಲು ಹೋಗಿ ನಾವು ಒಂದು ತಿಂಗಳು ಒದ್ದಾಡಿದೆವು. ಸ್ಟಾಕ್ ಎಣಿಸುವ ದಿನವೇ ಬದಲಾಯಿಸಿ. ಪಟ್ಟಿಯಲ್ಲಿ ಹಳೇ ಕೋಡಿಗೊಂದು ಕಾಲಮ್ಮು, ಪಕ್ಕದಲ್ಲಿ ಹೊಸದು. ಪ್ರತಿ ರ‍್ಯಾಕನ್ನು ಎಣಿಸಿದ ಮೇಲೆ ಅಲ್ಲೇ ಹೊಸ ಲೇಬಲ್. ಒಬ್ಬರು ಓದಬೇಕು, ಇನ್ನೊಬ್ಬರು ಅಂಟಿಸಬೇಕು. ಎರಡನ್ನೂ ಒಬ್ಬರೇ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ 32ಕ್ಕೆ 34ರ ಲೇಬಲ್ ಬೀಳುತ್ತದೆ. ಆನ್‌ಲೈನ್‌ನಲ್ಲಿ ಆಗಲೇ ಮಾರುತ್ತಿದ್ದರೆ ಅಲ್ಲಿಯ ಕೋಡನ್ನು ಮುಟ್ಟುವ ಮುಂಚೆ ಯೋಚಿಸಿ. ಅಮೆಜಾನ್‌ನಲ್ಲಿ ಲಿಸ್ಟ್ ಆದ ಎಸ್‌ಕೆಯುವನ್ನು ತಿದ್ದಲು ಬರುವುದಿಲ್ಲ, ತೆಗೆದು ಹೊಸದಾಗಿ ಹಾಕಬೇಕು. ನಾವು ಅಲ್ಲಿ ಹಳೇದನ್ನೇ ಬಿಟ್ಟು, ಪಟ್ಟಿಯಲ್ಲಿ ಹೊಂದಿಸಿಕೊಂಡಿದ್ದೇವೆ.

ಹಳೇ ಕೋಡಿನ ಕಾಲಮ್ಮನ್ನು ಅಳಿಸಬೇಡಿ. ನಿಂತುಹೋದ ಡಿಸೈನಿನ ನಂಬರನ್ನು ಬೇರೆಯದಕ್ಕೆ ಕೊಡಲೂಬೇಡಿ. ಮೂರು ಅಂಕಿಯಲ್ಲಿ 999ರವರೆಗೆ ಜಾಗ ಇದೆ, ಜಿಪುಣತನಕ್ಕೆ ಕಾರಣವಿಲ್ಲ. ಹೋದ ತಿಂಗಳು ಕೊಪ್ಪಳದ ಅಂಗಡಿಯೊಂದರಿಂದ ಮಾರಾಟವಾಗದ ಗಂಟು ವಾಪಸ್ ಬಂತು. ಬಿಚ್ಚಿದರೆ ಹನ್ನೊಂದು ಪ್ಯಾಂಟಿನ ಮೇಲೆ `1023E32` ಅನ್ನೋ ಹಳೇ ಚೀಟಿ. ಪಟ್ಟಿಯಲ್ಲಿ ಹುಡುಕಿದೆ, ಪಕ್ಕದ ಕಾಲಮ್ಮಿನಲ್ಲಿ `M123-MB-32` ಅಂತಿತ್ತು. ಹೊಸ ಲೇಬಲ್ ಹಚ್ಚಿ ರ‍್ಯಾಕಿಗೆ ಕಳಿಸಿದೆವು.